ನನ್ನ ಶ್ವಾಸಕೋಶದ ಎರಡು ಹಳೆಯ ಸ್ಕ್ಯಾನ್‌ಗಳನ್ನು ಕೋರಿ: ದಾಖಲೆಗಳ ಕಚೇರಿಗೊಂದು ಬಹಿರಂಗ ಪತ್ರ

ಚಿತ್ರದುರ್ಗ
ದಿನಾಂಕ: 10 ನವೆಂಬರ್ 2025

ಇವರಿಗೆ,
ವೈದ್ಯಕೀಯ ದಾಖಲೆಗಳ ವಿಭಾಗದ ಅಧಿಕಾರಿಗಳು,
ದಾವಣಗೆರೆ.

ವಿಷಯ: 2023ರ ಸೆಪ್ಟೆಂಬರ್ ಮತ್ತು 2024ರ ಮಾರ್ಚ್ ತಿಂಗಳುಗಳಲ್ಲಿ ನಡೆದ ನನ್ನ ಚಿಕಿತ್ಸೆಯ ವರದಿಗಳು, ಒಳರೋಗಿ ಕಡತ ಹಾಗೂ ಎರಡು ಸಿ.ಟಿ. ಸ್ಕ್ಯಾನ್‌ಗಳ ಮೂಲ ಚಿತ್ರಗಳ ಪ್ರತಿ ಕೋರಿ.

ಮಾನ್ಯರೇ,

ನಾನು ನಿಮ್ಮ ಆಸ್ಪತ್ರೆಯಲ್ಲಿ ಒಮ್ಮೆ ಒಳರೋಗಿಯಾಗಿಯೂ ಆಮೇಲೆ ಹೊರರೋಗಿಯಾಗಿಯೂ ಚಿಕಿತ್ಸೆ ಪಡೆದವಳು. ಆಗ ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿಯಾಗಿದ್ದೆ. 2024ರಲ್ಲಿ ನಿವೃತ್ತಳಾಗಿ ಈಗ ಚಿತ್ರದುರ್ಗದ ತವರುಮನೆಯಲ್ಲಿದ್ದೇನೆ. ನನಗೆ 61 ವರ್ಷ. ಈ ಪತ್ರದ ಮೂಲಪ್ರತಿಯನ್ನು ನನ್ನ ಹೆಸರು, ಮೊಬೈಲ್ ಸಂಖ್ಯೆ, ನೋಂದಣಿ ಸಂಖ್ಯೆಗಳ ಸಮೇತ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಬಹಿರಂಗಪಡಿಸುತ್ತಿರುವ ಈ ಪ್ರತಿಯಲ್ಲಿ ಆ ವಿವರಗಳನ್ನೂ ಆಸ್ಪತ್ರೆಯ ಹೆಸರನ್ನೂ ಬಿಟ್ಟಿದ್ದೇನೆ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಅಕ್ಟೋಬರ್ 27ರಂದು ಮತ್ತು ನವೆಂಬರ್ 3ರಂದು ನಿಮ್ಮ ಕೌಂಟರಿನ ಮುಂದೆ ನಿಂತಿದ್ದಾಗ ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದ ಇನ್ನೂ ಕೆಲವರು ಇಂಥದೇ ಕಾಗದಗಳಿಗಾಗಿ ಬಂದು, ಏನನ್ನು ಯಾವ ಹೆಸರಿನಲ್ಲಿ ಕೇಳಬೇಕೆಂದು ತಿಳಿಯದೆ ಹಿಂತಿರುಗಿದ್ದನ್ನು ನೋಡಿದೆ. ನನ್ನ ಅರ್ಜಿಯನ್ನು ವಿವರವಾಗಿ, ಎಲ್ಲರೂ ಓದುವಂತೆ ಬರೆಯಲು ಅದೇ ಕಾರಣ.

ಮೊದಲು ನನಗೆ ಈ ದಾಖಲೆಗಳು ಏಕೆ ಬೇಕೆಂಬುದನ್ನು ಹೇಳುತ್ತೇನೆ. ಅದು ಸ್ಪಷ್ಟವಾದರೆ, ಸ್ಕ್ಯಾನಿನ ವರದಿಯ ಜೆರಾಕ್ಸ್ ಸಾಕಾಗದೆ ಚಿತ್ರಗಳನ್ನೇ ಕೇಳುತ್ತಿರುವುದೇಕೆಂಬುದೂ ತಮಗೆ ತಿಳಿಯುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ನ್ಯುಮೋನಿಯಾ ಆಗಿ ನಿಮ್ಮಲ್ಲಿ ದಾಖಲಾಗಿದ್ದೆ. ಬಲ ಶ್ವಾಸಕೋಶದ ಕೆಳಭಾಗದ ಸೋಂಕನ್ನು ನೋಡಲೆಂದು ಮಾಡಿದ ಸಿ.ಟಿ. ಸ್ಕ್ಯಾನಿನಲ್ಲಿ, ಸೋಂಕಿಗೆ ಸಂಬಂಧವಿಲ್ಲದಂತೆ, ಎಡ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 7 ಮಿಲಿಮೀಟರಿನ ಒಂದು ಚಿಕ್ಕ ಗಂಟು ಕಾಣಿಸಿತು. ಇಂಥ ಗಂಟುಗಳು ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅನೇಕರಲ್ಲಿ ಕಾಣುತ್ತವೆ, ಅವುಗಳಲ್ಲಿ ಹೆಚ್ಚಿನವು ಹಳೆಯ ಸೋಂಕಿನ ಗಾಯದ ಕಲೆಗಳು ಎಂದು ನಿಮ್ಮ ವೈದ್ಯರೇ ಸಮಾಧಾನ ಹೇಳಿದ್ದರು. ಆದರೆ 6ರಿಂದ 8 ಮಿಲಿಮೀಟರಿನ ಗಟ್ಟಿ ಗಂಟನ್ನು ಹಾಗೆಯೇ ಬಿಡುವಂತಿಲ್ಲ. ಅದನ್ನು 6ರಿಂದ 12 ತಿಂಗಳೊಳಗೆ ಒಮ್ಮೆ, 18ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಎರಡು ವರ್ಷ ಕಳೆದರೂ ಬೆಳೆಯದಿದ್ದರೆ ಸಾಮಾನ್ಯವಾಗಿ ಅದರ ಚಿಂತೆ ಬಿಡಬಹುದು. ಬೆಳೆದಿದ್ದರೆ ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ, ಕೆಲವೊಮ್ಮೆ ಎದೆಯೊಳಕ್ಕೆ ಸೂಜಿ ಹಾಕಿ ಗಂಟಿನ ಚೂರು ತೆಗೆಯಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ನಿಮ್ಮಲ್ಲಿಯೇ ಎರಡನೆಯ ಸ್ಕ್ಯಾನ್ ಆಯಿತು. ಮೂರನೆಯದನ್ನು ಈ ವರ್ಷದ ಅಕ್ಟೋಬರ್ 13ರಂದು, ಅಂದರೆ ಮೊದಲನೆಯದು ಆದ 25 ತಿಂಗಳಿಗೆ, ಚಿತ್ರದುರ್ಗದ ಸ್ಕ್ಯಾನ್ ಕೇಂದ್ರವೊಂದರಲ್ಲಿ ಮಾಡಿಸಿದೆ. ಅದರ ವರದಿಯಲ್ಲಿ ಅದೇ ಗಂಟು 9 ಮಿಲಿಮೀಟರ್ ಎಂದಿದೆ.

7 ಇದ್ದದ್ದು 9 ಆಗಿದೆ, ಎರಡೇ ಮಿಲಿಮೀಟರಲ್ಲವೇ ಎಂದು ಮೊದಲು ನನಗೂ ಅನ್ನಿಸಿತು. ಆದರೆ ಗೋಳದ ಗಾತ್ರವು ವ್ಯಾಸದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. 7ರ ಘನ 343, 9ರ ಘನ 729. ಅಂದರೆ ವ್ಯಾಸ ನಿಜವಾಗಿಯೂ ಅಷ್ಟು ಹೆಚ್ಚಿದ್ದರೆ ಗಂಟು ಎರಡು ಪಟ್ಟಿಗಿಂತ ದೊಡ್ಡದಾಗಿದೆ. 2 ಮಿಲಿಮೀಟರಿನ ಏರಿಕೆಯನ್ನು ವೈದ್ಯರು ಬೆಳವಣಿಗೆಯೆಂದೇ ಪರಿಗಣಿಸುತ್ತಾರೆ. ಅದೇ ಹೊತ್ತಿಗೆ, ಗಂಟು ಕೂದಲೆಳೆಯಷ್ಟೂ ಬೆಳೆಯದೆಯೇ ಈ ಎರಡು ಅಂಕಿಗಳು ಬಂದಿರುವುದೂ ಸಾಧ್ಯ. ಗಂಟು ಪೂರ್ತಿ ದುಂಡಗಿರದೆ ಅವರೆಕಾಳಿನಂತೆ ಉದ್ದುದ್ದವಾಗಿದ್ದು, ಉದ್ದ 9, ಅಗಲ 5 ಮಿಲಿಮೀಟರ್ ಇದೆ ಎಂದುಕೊಳ್ಳಿ. ಉದ್ದಗಲಗಳ ಸರಾಸರಿ ಬರೆಯುವ ವೈದ್ಯರು 7 ಎಂದು ಬರೆಯುತ್ತಾರೆ. ಉದ್ದವನ್ನಷ್ಟೇ ಬರೆಯುವವರು 9 ಎಂದು ಬರೆಯುತ್ತಾರೆ. ಇಬ್ಬರದೂ ಸರಿಯೇ, ಗಂಟೂ ಅದೇ. ಯಾರು ಯಾವ ರೀತಿಯಲ್ಲಿ ಅಳೆದರೆಂಬುದು ವರದಿಯ ಒಂದು ಸಾಲಿನಿಂದ ಗೊತ್ತಾಗುವುದಿಲ್ಲ. ಮೂರೂ ಸ್ಕ್ಯಾನ್‌ಗಳನ್ನು ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಒಬ್ಬರೇ ವೈದ್ಯರು, ಒಂದೇ ರೀತಿಯಲ್ಲಿ ಮತ್ತೆ ಅಳೆದರೆ ಮಾತ್ರ ತಿಳಿಯುತ್ತದೆ. ಇಲ್ಲಿನ ಶ್ವಾಸಕೋಶ ತಜ್ಞರು, ಹಳೆಯ ಚಿತ್ರಗಳು ಕೈಗೆ ಬರುವವರೆಗೆ ಸೂಜಿ ಪರೀಕ್ಷೆಯ ಮಾತು ಬೇಡ ಎಂದಿದ್ದಾರೆ. ಆ ಪರೀಕ್ಷೆಯಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವ ಅಪಾಯವಿದೆಯೆಂದೂ, ಬೇಕಿಲ್ಲದವರಿಗೆ ಅದನ್ನು ಮಾಡಬಾರದೆಂದೂ, ಬೇಕಾದವರಿಗೆ ತಡಮಾಡಬಾರದೆಂದೂ ಹೇಳಿದ್ದಾರೆ. ನಾನು ಯಾವ ಗುಂಪಿಗೆ ಸೇರಿದವಳೆಂಬುದು ನಿಮ್ಮ ಕಂಪ್ಯೂಟರಿನಲ್ಲಿರುವ ಚಿತ್ರಗಳಿಂದ ತೀರ್ಮಾನವಾಗಬೇಕಾಗಿದೆ. ನವೆಂಬರ್ 24ರಂದು ಅವರು ನನ್ನನ್ನು ಮತ್ತೆ ನೋಡಲಿದ್ದಾರೆ.

ಇನ್ನು ನಾನು ಕೋರುತ್ತಿರುವ ದಾಖಲೆಗಳನ್ನು ದಿನಾಂಕ ಮತ್ತು ವಿಭಾಗದ ಪ್ರಕಾರ ಬರೆಯುತ್ತೇನೆ.

11 ಸೆಪ್ಟೆಂಬರ್ 2023, ಸೋಮವಾರ. ತುರ್ತು ಚಿಕಿತ್ಸಾ ವಿಭಾಗ. ಸಂಜೆ ಜ್ವರ ಮತ್ತು ಉಸಿರಾಟದ ತೊಂದರೆಯಿಂದ ಬಂದಾಗ ಬರೆದ ಚೀಟಿ ಮತ್ತು ಅಂದು ತೆಗೆದ ಎದೆಯ ಎಕ್ಸ್-ರೇ ವರದಿ. ಎಕ್ಸ್-ರೇ ಚಿತ್ರ ಸಿಗದಿದ್ದರೆ ಅಡ್ಡಿಯಿಲ್ಲ, ಈ ಗಾತ್ರದ ಗಂಟು ಎಕ್ಸ್-ರೇಯಲ್ಲಿ ಕಾಣುವುದು ಅಪರೂಪವೆಂದು ವೈದ್ಯರು ಹೇಳಿದ್ದಾರೆ.

12 ಸೆಪ್ಟೆಂಬರ್ 2023, ಮಂಗಳವಾರ. ರೇಡಿಯಾಲಜಿ ವಿಭಾಗ. ಎದೆಯ ಸಿ.ಟಿ. ಸ್ಕ್ಯಾನ್. ಇದರ ಸಹಿಯಾದ ಪೂರ್ಣ ವರದಿ ಮತ್ತು ಮೂಲ ಚಿತ್ರಗಳು. ನನ್ನ ಬಳಿ ಇರುವುದು ಬಿಡುಗಡೆ ಸಾರಾಂಶದಲ್ಲಿ ನಕಲು ಮಾಡಿದ ಎರಡು ಸಾಲು ಮಾತ್ರ. ಈ ಸ್ಕ್ಯಾನಿನ ಫಿಲ್ಮುಗಳನ್ನು 2024ರ ಮಾರ್ಚ್‌ನಲ್ಲಿ ಹೋಲಿಸಿ ನೋಡಲೆಂದು ರೇಡಿಯಾಲಜಿ ವಿಭಾಗದವರು ಲಕೋಟೆಯ ಸಮೇತ ಒಳಗೆ ತೆಗೆದುಕೊಂಡರು. ಅವು ಹಿಂತಿರುಗಿ ಬರಲಿಲ್ಲ, ನಾನೂ ಆ ದಿನ ಕೇಳಿ ಪಡೆಯಲು ಮರೆತೆ. ಆದ್ದರಿಂದ ಮೊದಲ ಸ್ಕ್ಯಾನಿನ ಒಂದು ಚಿತ್ರವೂ ಇಂದು ನನ್ನ ಬಳಿ ಇಲ್ಲ.

13 ಸೆಪ್ಟೆಂಬರ್ 2023, ಬುಧವಾರ. ಮೈಕ್ರೋಬಯಾಲಜಿ ವಿಭಾಗ. ಕಫದ ಪರೀಕ್ಷೆಗಳು. ಈ ಬಗ್ಗೆ ಮುಂದೆ ಪ್ರತ್ಯೇಕವಾಗಿ ಬರೆದಿದ್ದೇನೆ.

11ರಿಂದ 16 ಸೆಪ್ಟೆಂಬರ್ 2023ರವರೆಗೆ. ಜನರಲ್ ಮೆಡಿಸಿನ್ ವಿಭಾಗ, ಮಹಿಳಾ ವಾರ್ಡ್. ಒಳರೋಗಿ ಕಡತದ, ಅಂದರೆ ಕೇಸ್ ಶೀಟಿನ ಪೂರ್ಣ ಪ್ರತಿ. ವೈದ್ಯರ ದಿನನಿತ್ಯದ ಟಿಪ್ಪಣಿ, ದಾದಿಯರ ಔಷಧ ಪಟ್ಟಿ ಮತ್ತು ರಕ್ತ ಪರೀಕ್ಷೆಯ ವರದಿಗಳು ಇದರಲ್ಲಿ ಸೇರಿರಲಿ.

18 ಮಾರ್ಚ್ 2024, ಸೋಮವಾರ. ಶ್ವಾಸಕೋಶ ರೋಗಗಳ ಹೊರರೋಗಿ ವಿಭಾಗ ಮತ್ತು ರೇಡಿಯಾಲಜಿ ವಿಭಾಗ. ಹೊರರೋಗಿ ಚೀಟಿಯ ಪ್ರತಿ, ಎರಡನೆಯ ಸಿ.ಟಿ. ಸ್ಕ್ಯಾನಿನ ವರದಿ ಮತ್ತು ಮೂಲ ಚಿತ್ರಗಳು. ಈ ವರದಿಯ ಒಂದು ಪ್ರತಿ ನನ್ನಲ್ಲಿದೆ. ಅದರಲ್ಲಿ ಎಡಭಾಗದ ಗಂಟಿನ ಬಗ್ಗೆ, ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಗಮನಾರ್ಹ ಬದಲಾವಣೆ ಇಲ್ಲವೆಂದು ಮಾತ್ರ ಇದೆ. ಎಷ್ಟು ಮಿಲಿಮೀಟರ್ ಎಂಬ ಅಂಕಿಯಿಲ್ಲ, ಎಷ್ಟನೆಯ ಚಿತ್ರದಲ್ಲಿ ಅದು ಕಾಣುತ್ತದೆ ಎಂಬ ಸಂಖ್ಯೆಯೂ ಇಲ್ಲ. ಅಂದು ಆ ಮಾತು ನನಗೆ ನೆಮ್ಮದಿ ಕೊಟ್ಟಿತ್ತು. ಇಂದು ಹೋಲಿಸಲು ಹೊರಟವರಿಗೆ ಅದರಿಂದ ಹಿಡಿಯಲು ಏನೂ ಸಿಗುವುದಿಲ್ಲ.

ಮೂಲ ಚಿತ್ರಗಳು ಎಂದು ಮತ್ತೆ ಮತ್ತೆ ಬರೆದಿದ್ದೇನೆ. ಆ ಮಾತಿನ ಅರ್ಥವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಕೌಂಟರಿನಲ್ಲಿ ನನಗೆ ದೊರೆತ ಉತ್ತರ "ಫಿಲ್ಮ್ ಬೇಕಾದರೆ ಮತ್ತೊಂದು ಪ್ರಿಂಟ್ ಹಾಕಿಕೊಡುತ್ತೇವೆ" ಎಂಬುದಾಗಿತ್ತು. ಎರಡನೆಯ ಸ್ಕ್ಯಾನಿನ ಫಿಲ್ಮುಗಳು ನನ್ನ ಬಳಿ ಇವೆ. ಒಂದೊಂದು ಹಾಳೆಯಲ್ಲಿ ಹತ್ತಾರು ಚಿತ್ರಗಳು ಅಂಚೆಚೀಟಿಗಳ ಹಾಗೆ ಸಾಲಾಗಿವೆ. ಎದೆಯ ಅಗಲವೆಲ್ಲ ಅಷ್ಟು ಚಿಕ್ಕ ಜಾಗದಲ್ಲಿ ಅಡಗಬೇಕಾದ್ದರಿಂದ, 7 ಮಿಲಿಮೀಟರಿನ ಗಂಟು ಅಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಅದರ ಮೇಲೆ ಅಳತೆಪಟ್ಟಿ ಇಟ್ಟು ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಹೇಳಲು ಯಾರಿಗೂ ಆಗದು. ಇದಕ್ಕಿಂತ ದೊಡ್ಡ ತೊಡಕು ಸ್ಲೈಸಿನ, ಅಂದರೆ ಒಂದೊಂದು ಚಿತ್ರ ತೋರಿಸುವ ದೇಹದ ಪದರದ, ದಪ್ಪದ್ದು. ಫಿಲ್ಮಿಗೆ ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪದ ಸ್ಲೈಸುಗಳನ್ನು ಹಾಕುತ್ತಾರೆ. 7 ಮಿಲಿಮೀಟರಿನ ಗಂಟು ಅಂಥ ಎರಡು ಸ್ಲೈಸುಗಳಲ್ಲಿ, ಹೆಚ್ಚೆಂದರೆ ಮೂರರಲ್ಲಿ ಕಾಣುತ್ತದೆ. ಗಂಟಿನ ಅಂಚು ಸ್ಲೈಸಿನ ಅರ್ಧಕ್ಕೆ ಮುಗಿದರೆ, ಉಳಿದರ್ಧದ ಗಾಳಿಯೊಡನೆ ಬೆರೆತು ಅಂಚು ಮಸುಕಾಗುತ್ತದೆ, ಗಂಟು ಇದ್ದುದಕ್ಕಿಂತ ಚಿಕ್ಕದಾಗಿಯೋ ದೊಡ್ಡದಾಗಿಯೋ ತೋರುತ್ತದೆ. ಅದೇ ಸ್ಕ್ಯಾನನ್ನು 1 ಮಿಲಿಮೀಟರಿನ ತೆಳು ಸ್ಲೈಸುಗಳಲ್ಲಿ ನೋಡಿದರೆ ಗಂಟು ಏಳೆಂಟು ಚಿತ್ರಗಳಲ್ಲಿ ಕಾಣುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಮೇಲೆಕೆಳಗೆ ಅಕ್ಕಪಕ್ಕ ಯಾವ ದಿಕ್ಕಿನಲ್ಲಾದರೂ ಅಳೆಯಬಹುದು.

ಆದಕಾರಣ ನನಗೆ ಬೇಕಿರುವುದು ಎರಡೂ ಸ್ಕ್ಯಾನ್‌ಗಳ ಡೈಕಾಮ್ ಕಡತಗಳು. ಯಂತ್ರದಿಂದ ಬಂದ ಚಿತ್ರಗಳು ಅಳತೆಯ ವಿವರಗಳೊಡನೆ ಉಳಿಯುವುದು ಆ ರೂಪದಲ್ಲಿಯೇ. ಸಾಧಾರಣ ಫೋಟೊಗಳ ಹಾಗೆ ಜೆಪೆಗ್ ಮಾಡಿ ಕೊಟ್ಟರೆ ಅಳತೆಯ ವಿವರ ಅಳಿದುಹೋಗುತ್ತದೆ, ಚಿತ್ರದ ಹೊಳಪನ್ನು ಶ್ವಾಸಕೋಶಕ್ಕೊಮ್ಮೆ, ಮೂಳೆಗೊಮ್ಮೆ ಬದಲಿಸಿ ನೋಡಲೂ ಬರುವುದಿಲ್ಲ. ಗಂಟಿನೊಳಗೆ ಸುಣ್ಣದ ಅಂಶ ಕೂಡಿದೆಯೇ ಎಂದು ನೋಡಲು ಹಾಗೆ ಬದಲಿಸಬೇಕಾಗುತ್ತದೆ. ಸುಣ್ಣಗಟ್ಟಿದ ಗಂಟು ಬಹುತೇಕ ಹಳೆಯ ಸೋಂಕಿನದು ಎಂಬುದರಿಂದ ಅದೂ ನನ್ನ ಪಾಲಿಗೆ ಮುಖ್ಯ. ಪರದೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್ ಮಾಡುತ್ತೇವೆಂದು ನಿಮ್ಮ ಸಿಬ್ಬಂದಿಯೊಬ್ಬರು ಕನಿಕರದಿಂದಲೇ ಹೇಳಿದರು. ಅವರ ಸಹಾಯದ ಮನಸ್ಸಿಗೆ ನಾನು ಋಣಿ. ಆದರೆ ಆ ಫೋಟೊದಿಂದ ಈ ಕೆಲಸ ಆಗುವುದಿಲ್ಲ.

ಸಿ.ಡಿ. ಬರೆದುಕೊಟ್ಟ ಮೇಲೆ ಅದರಲ್ಲಿ ತೆಳು ಸ್ಲೈಸುಗಳು ಬಂದಿವೆಯೇ ಎಂದು ನೋಡುವುದು ಕಷ್ಟವಲ್ಲ. ಎದೆಯ ಸ್ಕ್ಯಾನ್ ಸುಮಾರು 30 ಸೆಂಟಿಮೀಟರ್, ಅಂದರೆ 300 ಮಿಲಿಮೀಟರ್ ಉದ್ದ ಇರುತ್ತದೆ. 1 ಮಿಲಿಮೀಟರಿಗೆ ಒಂದರಂತೆ ಸುಮಾರು 300 ಚಿತ್ರಗಳು, 5 ಮಿಲಿಮೀಟರಿಗೆ ಒಂದರಂತಾದರೆ ಸುಮಾರು 60. ಒಂದು ಚಿತ್ರದಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 512 ಬಿಂದುಗಳಿದ್ದು ಬಿಂದುವೊಂದಕ್ಕೆ ಎರಡು ಬೈಟ್ ಬೇಕಾದ್ದರಿಂದ, ಕುಗ್ಗಿಸದ ಪ್ರತಿ ಚಿತ್ರವೂ ಸುಮಾರು ಅರ್ಧ ಎಂ.ಬಿ. ಆಗುತ್ತದೆ. ಹೀಗೆ ತೆಳು ಸ್ಲೈಸುಗಳ ಒಂದು ಸರಣಿಗೆ 150 ಎಂ.ಬಿ.ಯಷ್ಟು, ದಪ್ಪ ಸ್ಲೈಸುಗಳಿಗೆ 30 ಎಂ.ಬಿ.ಯಷ್ಟು ಜಾಗ ಬೇಕು. ಸಿ.ಡಿ.ಯಲ್ಲಿ 700 ಎಂ.ಬಿ. ಜಾಗವಿರುತ್ತದೆ. ಸಿ.ಡಿ. ತೆರೆದಾಗ DICOMDIR ಎಂಬ ಕಡತವೂ ನೂರಾರು ಚಿತ್ರಗಳೂ ಇದ್ದರೆ ಸರಿ. ಇಪ್ಪತ್ತು ಮೂವತ್ತು ಎಂ.ಬಿ. ಮಾತ್ರ ಇದ್ದರೆ ತೆಳು ಸರಣಿ ಬಿಟ್ಟುಹೋಗಿರಬಹುದು. ಇದನ್ನು ಕೌಂಟರಿನಲ್ಲಿಯೇ ಒಮ್ಮೆ ತೆರೆದು ತೋರಿಸಲು ದಯವಿಟ್ಟು ಅವಕಾಶ ಕೊಡಿ. ಚಿತ್ರದುರ್ಗಕ್ಕೆ 60 ಕಿಲೋಮೀಟರ್ ಹಿಂತಿರುಗಿದ ಮೇಲೆ ಸಿ.ಡಿ. ಖಾಲಿಯೆಂದೋ ಬೇರೊಬ್ಬರದೆಂದೋ ತಿಳಿದರೆ ಮತ್ತೊಂದು ವಾರ ಕೈತಪ್ಪುತ್ತದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲವಾದ್ದರಿಂದ, ನಿಮ್ಮ ನಿಯಮ ಒಪ್ಪಿದರೆ ಹೊಸ ಪೆನ್‌ಡ್ರೈವ್ ಒಂದನ್ನು ಪೊಟ್ಟಣ ಒಡೆಯದೆ ತರುತ್ತೇನೆ.

ತೆಳು ಸ್ಲೈಸುಗಳನ್ನು ಎಲ್ಲ ಕಡೆಯೂ ಬಹುಕಾಲ ಉಳಿಸುವುದಿಲ್ಲವೆಂಬುದನ್ನು ನಾನು ಬಲ್ಲೆ. ಅನೇಕ ಆಸ್ಪತ್ರೆಗಳಲ್ಲಿ ದಪ್ಪ ಸರಣಿಯನ್ನು ಮಾತ್ರ ಸಂಗ್ರಹಕ್ಕೆ ಕಳುಹಿಸಿ, ತೆಳುವಾದುದನ್ನು ಜಾಗಕ್ಕಾಗಿ ಯಂತ್ರದಿಂದ ಅಳಿಸಿಬಿಡುತ್ತಾರೆ. ಅಳಿಸಿದ ಮೇಲೆ ಅದನ್ನು ಮತ್ತೆ ತಯಾರಿಸುವಂತಿಲ್ಲ. ನನ್ನ ವಿಷಯದಲ್ಲಿಯೂ ಹಾಗಾಗಿದ್ದರೆ ನಾನು ಜಗಳಕ್ಕೆ ಬರುವವಳಲ್ಲ. ದಪ್ಪ ಸರಣಿಯನ್ನೇ ಕೊಟ್ಟು, ತೆಳು ಸರಣಿ ಉಳಿದಿಲ್ಲವೆಂದು ಒಂದು ಸಾಲು ಬರೆದು ಸಹಿ ಮಾಡಿಕೊಡಿ. ಆ ಒಂದು ಸಾಲಿನಿಂದಲೂ ಉಪಯೋಗವಿದೆ. ಅಕ್ಟೋಬರಿನ ಹೊಸ ಸ್ಕ್ಯಾನಿನ ತೆಳು ಚಿತ್ರಗಳು ಇಲ್ಲಿನ ಕೇಂದ್ರದಲ್ಲಿವೆ. ಹಳೆಯದು 5 ಮಿಲಿಮೀಟರಿನದೇ ಎಂದು ಖಚಿತವಾದರೆ, ಹೊಸದನ್ನೂ ಅಷ್ಟೇ ದಪ್ಪಕ್ಕೆ ಮರುಜೋಡಿಸಿ ಸಮನಾಗಿ ಹೋಲಿಸಬಹುದೆಂದು ಇಲ್ಲಿನ ರೇಡಿಯಾಲಜಿಸ್ಟರು ಹೇಳಿದ್ದಾರೆ. ಏನಿದೆ ಏನಿಲ್ಲ ಎಂದು ತಿಳಿಯದೆ ಕಾಯುವುದೇ ನನಗೆ ಕಷ್ಟವಾಗಿದೆ.

ಈಗ ಕಫದ ಪರೀಕ್ಷೆಯ ವಿಷಯ. ಸೆಪ್ಟೆಂಬರ್ 13ರಂದು ಕೊಟ್ಟ ಕಫದಲ್ಲಿ ಕ್ಷಯದ ಕ್ರಿಮಿಗಳನ್ನು ಹುಡುಕಲು ಮೂರು ಪರೀಕ್ಷೆಗಳಿಗೆ ಬರೆದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡುವುದು ಮತ್ತು ಸಿಬಿನಾಟ್ ಎಂಬ ಪರೀಕ್ಷೆ, ಈ ಎರಡರ ಫಲಿತಾಂಶ ನಾನು ವಾರ್ಡಿನಲ್ಲಿರುವಾಗಲೇ ಬಂತು, ಎರಡೂ ನೆಗೆಟಿವ್. ಮೂರನೆಯದು ಕಲ್ಚರ್, ಅಂದರೆ ಕಫದಲ್ಲಿನ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ. ಕ್ಷಯದ ಕ್ರಿಮಿ ಬಹಳ ನಿಧಾನವಾಗಿ ಬೆಳೆಯುವುದರಿಂದ, ದ್ರವ ಮಾಧ್ಯಮದಲ್ಲಿ 42 ದಿನ, ಘನ ಮಾಧ್ಯಮದಲ್ಲಿ 8 ವಾರ ಕಾದ ಮೇಲೆ ಮಾತ್ರ ಅದನ್ನು ನೆಗೆಟಿವ್ ಎಂದು ಮುಗಿಸುತ್ತಾರೆ. ಅಂದರೆ ಅಂತಿಮ ಫಲಿತಾಂಶವು 2023ರ ಅಕ್ಟೋಬರ್ 25ರ ಹೊತ್ತಿಗೋ, ನವೆಂಬರ್ 8ರ ಹೊತ್ತಿಗೋ ಬಂದಿರಬೇಕು. ನಾನು ಸೆಪ್ಟೆಂಬರ್ 16ರಂದೇ ಮನೆಗೆ ಹೋಗಿದ್ದೆ. ಬಿಡುಗಡೆ ಸಾರಾಂಶದಲ್ಲಿ ಕಲ್ಚರ್ ವರದಿ ಬರಬೇಕಾಗಿದೆ ಎಂದು ಬರೆದಿದೆ. ಅಷ್ಟಕ್ಕೆ ನಿಂತಿದೆ. ಅದನ್ನು ಹೋಗಿ ತರಬೇಕೆಂದು ನನಗೆ ತಿಳಿಯಲಿಲ್ಲ, ಯಾರೂ ಕರೆದು ಹೇಳಲಿಲ್ಲ. ಮಾರ್ಚ್‌ನಲ್ಲಿ ಹೊರರೋಗಿಯಾಗಿ ಬಂದಾಗ ಅದರ ಮಾತೇ ಬರಲಿಲ್ಲ. ಎರಡು ವರ್ಷಗಳ ನಂತರ ಇಲ್ಲಿನ ತಜ್ಞರು ಸಾರಾಂಶವನ್ನು ಸಾಲು ಸಾಲಾಗಿ ಓದಿ, "ಇದರ ಉತ್ತರ ಏನು ಬಂತಮ್ಮಾ?" ಎಂದು ಕೇಳಿದಾಗಲೇ ನಾನು ಆ ಸಾಲನ್ನು ಮೊದಲ ಸಲ ಗಮನಿಸಿದ್ದು.

ಕಲ್ಚರ್ ಪಾಸಿಟಿವ್ ಬಂದಿದ್ದರೆ ಗಂಟಿನ ಬಗೆಗಿನ ಇಡೀ ಯೋಚನೆಯೇ ಬೇರೆಯಾಗುತ್ತದೆ. ನೆಗೆಟಿವ್ ಬಂದಿದ್ದರೆ ಅದೂ ಲಿಖಿತವಾಗಿ ಬೇಕು. ಈ ವರದಿಯು ನನ್ನ ಬಿಡುಗಡೆಯ ನಂತರ ಬಂದಿರುವುದರಿಂದ ಕೇಸ್ ಶೀಟಿನೊಳಗೆ ಸೇರಿಲ್ಲದಿರಬಹುದು. ಆದ್ದರಿಂದ ಕಡತದಲ್ಲಿ ಇಲ್ಲವೆಂದು ಕೈಬಿಡದೆ, ಮೈಕ್ರೋಬಯಾಲಜಿ ಪ್ರಯೋಗಾಲಯದ ರಿಜಿಸ್ಟರಿನಲ್ಲಿ 13 ಸೆಪ್ಟೆಂಬರ್ 2023ರ ಮಾದರಿಗಳ ಪುಟವನ್ನು ನೋಡಿಸಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇನೆ. ಪ್ರಯೋಗಾಲಯದ ಸಂಖ್ಯೆ ಸಿಬಿನಾಟ್ ವರದಿಯ ಮೇಲಿದೆ, ಅದರ ಪ್ರತಿಯನ್ನು ಲಗತ್ತಿಸಿದ್ದೇನೆ.

ನವೆಂಬರ್ 3ರಂದು ನನಗೆ ಸಿಕ್ಕ ಉತ್ತರ, ಆ ಹೆಸರಿನಲ್ಲಿ 2023ರ ದಾಖಲಾತಿಯೇ ಇಲ್ಲ ಎಂಬುದು. ಮನೆಗೆ ಬಂದು ಹಳೆಯ ಬಿಲ್ಲುಗಳನ್ನು ಹರಡಿಕೊಂಡು ನೋಡಿದಾಗ ಕಾರಣ ಹೊಳೆಯಿತು. ಜ್ವರದಲ್ಲಿ ಮಾತನಾಡಲಾರದೆ ಇದ್ದ ನನ್ನನ್ನು ಆ ಸಂಜೆ ಆಟೊದಲ್ಲಿ ಕರೆತಂದವರು ಪಕ್ಕದ ಮನೆಯವರು. ಅವರಿಗೆ ಗೊತ್ತಿದ್ದದ್ದು ನನ್ನನ್ನು ಮನೆಯಲ್ಲಿ ಕರೆಯುವ ಹೆಸರು. ಅದನ್ನೇ ಹೇಳಿ, ವಯಸ್ಸನ್ನೂ ಅಂದಾಜಿನಲ್ಲಿ 55 ಎಂದು ಬರೆಸಿದ್ದರು. ಹೀಗೆ 2023ರ ದಾಖಲೆಗಳು ಒಂದು ನೋಂದಣಿ ಸಂಖ್ಯೆಯಲ್ಲಿ, ಕರೆಯುವ ಹೆಸರಿನಲ್ಲಿ ಇವೆ. 2024ರಲ್ಲಿ ನಾನೇ ಆಧಾರ್ ಕಾರ್ಡ್ ಹಿಡಿದು ಬಂದಾಗ ಕಂಪ್ಯೂಟರಿನಲ್ಲಿ ಹೆಸರು ಸಿಗದೆ ಹೊಸ ಸಂಖ್ಯೆ ಕೊಟ್ಟರು. ಆದ್ದರಿಂದ ನನ್ನ ದಾಖಲೆಗಳನ್ನು ಹೆಸರಿನಿಂದ ಹುಡುಕಬೇಡಿ. 2023ರದನ್ನು ಬಿಲ್ಲಿನ ಮೇಲಿರುವ ಒಳರೋಗಿ ಸಂಖ್ಯೆಯಿಂದ ಹುಡುಕಿ. 2024ರ ಸ್ಕ್ಯಾನನ್ನು ಫಿಲ್ಮಿನ ಪ್ರತಿ ಚಿತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ರೋಗಿಯ ಸಂಖ್ಯೆ ಮತ್ತು ದಿನಾಂಕದಿಂದ ಹುಡುಕಿ. ಎರಡೂ ನೋಂದಣಿಗಳಲ್ಲಿ ಇರುವ ಮೊಬೈಲ್ ಸಂಖ್ಯೆ ಒಂದೇ, ಅದು ನನ್ನದು.

ಹಳೆಯ ದಾಖಲೆಯಲ್ಲಿ ಹೆಸರನ್ನು ತಿದ್ದಬೇಕೆಂದು ನಾನು ಕೇಳುತ್ತಿಲ್ಲ. ಆಗ ಬರೆದದ್ದು ಆಗ ಬರೆದಂತೆಯೇ ಇರಲಿ. ನನಗೆ ಬೇಕಿರುವುದು, ಈ ಎರಡು ನೋಂದಣಿ ಸಂಖ್ಯೆಗಳೂ ಒಬ್ಬರೇ ರೋಗಿಗೆ ಸೇರಿದವು ಎಂಬ ಒಂದು ಹಿಂಬರಹ, ಆಸ್ಪತ್ರೆಯ ಮೊಹರಿನೊಂದಿಗೆ. ಏಕೆಂದರೆ ಸಿ.ಡಿ. ತೆರೆದಾಗ ಒಂದು ಸ್ಕ್ಯಾನಿನ ಮೇಲೆ ಒಂದು ಹೆಸರು, 55 ವರ್ಷ ಎಂದೂ, ಇನ್ನೊಂದರ ಮೇಲೆ ಮತ್ತೊಂದು ಹೆಸರು, 59 ವರ್ಷ ಎಂದೂ ಕಂಡರೆ, ಎಚ್ಚರಿಕೆಯುಳ್ಳ ಯಾವ ರೇಡಿಯಾಲಜಿಸ್ಟರೂ ಅವೆರಡನ್ನು ಹೋಲಿಸಿ ಸಹಿ ಹಾಕಲು ಒಪ್ಪುವುದಿಲ್ಲ, ಒಪ್ಪಲೂಬಾರದು.

ನಿಯಮದ ಮಾತನ್ನು ಕೊನೆಗೆ ಇಟ್ಟಿದ್ದೇನೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ, ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ದಾಖಲೆ ಕೇಳಿದರೆ ಅರ್ಜಿಗೆ ಸ್ವೀಕೃತಿ ನೀಡಿ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಅಕ್ಟೋಬರ್ 27ರಂದು ನಾನು ಬಾಯಿಮಾತಿನಲ್ಲಿ ಕೇಳಿದೆ, ಸಂಬಂಧಪಟ್ಟವರು ರಜೆಯಲ್ಲಿದ್ದರು. ಎರಡನೆಯ ಬಾರಿಯೂ ನಾನು ಅರ್ಜಿಯನ್ನು ಬರಹದಲ್ಲಿ ಕೊಡಲಿಲ್ಲ. ಅದು ನನ್ನ ತಪ್ಪು. ಆದ್ದರಿಂದ 72 ಗಂಟೆಗಳನ್ನು ಈ ಪತ್ರ ತಮ್ಮ ಕೈಸೇರಿದ ದಿನದಿಂದ ಎಣಿಸಿದರೆ ಸಾಕು. ಅದೇ ನಿಯಮಗಳು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕೆಂದು ಹೇಳುತ್ತವೆ. ನನ್ನ ಚಿಕಿತ್ಸೆ 2023ರ ಸೆಪ್ಟೆಂಬರ್ 11ರಂದು ಆರಂಭವಾಯಿತು. ಹಾಗಾಗಿ 2026ರ ಸೆಪ್ಟೆಂಬರ್‌ವರೆಗೆ ಆ ಕಡತ ಇರಲೇಬೇಕು. ಮಾರ್ಚ್ 2024ರ ಸ್ಕ್ಯಾನನ್ನು ನಾನು ಹೊರರೋಗಿಯಾಗಿ ಮಾಡಿಸಿದ್ದರಿಂದ ಈ ಮೂರು ವರ್ಷದ ಮಾತು ಅದಕ್ಕೆ ನೇರವಾಗಿ ಅನ್ವಯಿಸದು. ಆ ಕಾರಣಕ್ಕೇ ಅದರ ಬಗ್ಗೆ ನನಗೆ ಹೆಚ್ಚು ಆತಂಕ. ನನ್ನ ಅರ್ಜಿ ಇತ್ಯರ್ಥವಾಗುವವರೆಗೆ ಎರಡೂ ಸ್ಕ್ಯಾನ್‌ಗಳನ್ನು ಯಂತ್ರದಿಂದಾಗಲಿ ಸಂಗ್ರಹದಿಂದಾಗಲಿ ಅಳಿಸದಂತೆ ರೇಡಿಯಾಲಜಿ ವಿಭಾಗಕ್ಕೆ ಇಂದೇ ಒಂದು ಸೂಚನೆ ಕಳುಹಿಸಬೇಕೆಂದು ಕೋರುತ್ತೇನೆ. ಉಳಿದ ಕಾಗದಗಳು ಒಂದು ದಿನ ತಡವಾದರೂ ತಾಳಬಲ್ಲೆ.

ಪ್ರತಿ ಮಾಡುವ ವೆಚ್ಚವನ್ನು, ಸಿ.ಡಿ.ಯ ಬೆಲೆಯನ್ನು ತಮ್ಮ ದರದಂತೆ ಕೊಟ್ಟು ರಸೀದಿ ಪಡೆಯುತ್ತೇನೆ. ಕಾಗದಗಳ ಪ್ರತಿ ಪುಟಕ್ಕೂ ಮೊಹರು ಇರಲಿ, ಪುಟಸಂಖ್ಯೆ ಇರಲಿ. ಎಲ್ಲ ದಾಖಲೆಗಳೂ ಒಂದೇ ದಿನ ಸಿದ್ಧವಾಗದಿದ್ದರೆ ಎರಡು ಸ್ಕ್ಯಾನ್‌ಗಳನ್ನೂ ಕಲ್ಚರ್ ವರದಿಯನ್ನೂ ಮೊದಲು ಕೊಡಿ, ಕೇಸ್ ಶೀಟಿಗಾಗಿ ಮತ್ತೊಮ್ಮೆ ಬರುತ್ತೇನೆ. ಸಿದ್ಧವಾದಾಗ ಮೂಲಪ್ರತಿಯಲ್ಲಿರುವ ಸಂಖ್ಯೆಗೆ ಒಂದು ಕರೆ ಮಾಡಿದರೆ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ನನಗೆ ಬರಲಾಗದಿದ್ದರೆ ನನ್ನ ತಂಗಿಯ ಮಗ ಬರುತ್ತಾನೆ. ಅವನಿಗೆ ಕೊಟ್ಟ ಅಧಿಕಾರ ಪತ್ರವನ್ನೂ ಅವನ ಗುರುತಿನ ಚೀಟಿಯ ಪ್ರತಿಯನ್ನೂ ಸೇರಿಸಿದ್ದೇನೆ. ಯಾವುದಾದರೂ ದಾಖಲೆ ಸಿಗದಿದ್ದರೆ, ಯಾವುದು ಸಿಗಲಿಲ್ಲ, ಎಲ್ಲಿ ಹುಡುಕಲಾಯಿತು ಎಂಬುದನ್ನು ಬರೆದು ತಿಳಿಸಬೇಕಾಗಿ ವಿನಂತಿ. ನವೆಂಬರ್ 20ರ ಗುರುವಾರದೊಳಗೆ ಸ್ಕ್ಯಾನ್‌ಗಳು ಕೈಸೇರಿದರೆ, 24ರ ಸೋಮವಾರಕ್ಕೆ ಮೊದಲು ಇಲ್ಲಿನ ರೇಡಿಯಾಲಜಿಸ್ಟರು ಮೂರನ್ನೂ ಅಳೆದು ನೋಡಲು ಸಮಯವಿರುತ್ತದೆ.

ಮೂಲಪ್ರತಿಯೊಂದಿಗೆ ಲಗತ್ತಿಸಿರುವುದು: ಆಧಾರ್ ಕಾರ್ಡಿನ ಪ್ರತಿ, 16 ಸೆಪ್ಟೆಂಬರ್ 2023ರ ಬಿಡುಗಡೆ ಸಾರಾಂಶ ಮತ್ತು ಬಿಲ್ಲಿನ ಪ್ರತಿ, ಸಿಬಿನಾಟ್ ವರದಿಯ ಪ್ರತಿ, 18 ಮಾರ್ಚ್ 2024ರ ಸ್ಕ್ಯಾನ್ ವರದಿಯ ಪ್ರತಿ, ಶ್ವಾಸಕೋಶ ತಜ್ಞರು ಹಳೆಯ ಚಿತ್ರಗಳನ್ನು ಕೋರಿ ಬರೆದ ಚೀಟಿ, ಅಧಿಕಾರ ಪತ್ರ, ಮತ್ತು ತಂಗಿಯ ಮಗನ ಗುರುತಿನ ಚೀಟಿಯ ಪ್ರತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ
(ಸಹಿ ಮತ್ತು ವಿಳಾಸ ಮೂಲಪ್ರತಿಯಲ್ಲಿ)